ಖರ್ಚಿನ ಪ್ರತಿ ಸಾಲಿಗೂ ಒಂದು ಕೆಲಸ: ಅನುದಾನದ ಬಜೆಟ್ ಟಿಪ್ಪಣಿ ತಿದ್ದಿ ಬರೆಯುವ ಕ್ರಮ



ಗಡಿಭಾಗದ ಹಾಡು, ಶಾಸನ, ಶಾಲೆಗಳ ಬಗ್ಗೆ ಅಧ್ಯಯನ ಮಾಡುವ ನಮ್ಮ ಸದಸ್ಯರು ಆಗಾಗ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕುತ್ತಾರೆ. ವಿಷಯ ಚೆನ್ನಾಗಿದ್ದರೂ ಕೆಲವು ಅರ್ಜಿಗಳು ‘ಖರ್ಚಿಗೆ ಸಮರ್ಥನೆ ಸಾಲದು’ ಎಂಬ ಷರಾದೊಂದಿಗೆ ವಾಪಸ್ ಬರುತ್ತವೆ. ಸೊಲ್ಲಾಪುರ ಕಡೆಯ ಸದಸ್ಯರೊಬ್ಬರ ಅರ್ಜಿಗೂ ಹೀಗೇ ಆಯಿತು. ಮತ್ತೊಮ್ಮೆ ಕಳುಹಿಸಲು ಅವಕಾಶವಿದ್ದುದರಿಂದ ಅವರ ಜೊತೆ ಕೂತು ಬಜೆಟ್ ಟಿಪ್ಪಣಿಯನ್ನು ತಿದ್ದಿದೆವು. ಅವರ ಒಪ್ಪಿಗೆ ಪಡೆದು ಆ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇವೆ.

ಯೋಜನೆ ಇದು: ಅಕ್ಕಲಕೋಟೆ ಮತ್ತು ಜತ್ತ ತಾಲ್ಲೂಕುಗಳ 12 ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹಾಡುವ ಬೀಸುವ ಪದಗಳನ್ನು ಧ್ವನಿಮುದ್ರಿಸಿ ಬರೆದಿಡುವುದು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಪದ ಬಲ್ಲವರೆಲ್ಲ ಈಗ ವಯಸ್ಸಾದವರು. ಅವಧಿ 10 ತಿಂಗಳು, ಕೇಳಿದ ಮೊತ್ತ 3 ಲಕ್ಷ ರೂಪಾಯಿ.

ಮೊದಲ ಅರ್ಜಿಯಲ್ಲಿ ಐದು ಬಾಬತ್ತುಗಳಿದ್ದವು: ಸಂಶೋಧನಾ ಸಹಾಯಕರಿಗೆ 1,20,000, ಪ್ರಯಾಣಕ್ಕೆ 60,000, ಉಪಕರಣಕ್ಕೆ 50,000, ಮುದ್ರಣಕ್ಕೆ 40,000, ಇತರೆ ಖರ್ಚಿಗೆ 30,000. ಪ್ರತಿಯೊಂದಕ್ಕೂ ಒಂದೊಂದು ವಾಕ್ಯದ ಸಮರ್ಥನೆ ಇತ್ತು. ಪ್ರಯಾಣದ ಎದುರು ‘ಕ್ಷೇತ್ರಕಾರ್ಯಕ್ಕೆ ಓಡಾಟ ಅನಿವಾರ್ಯ’ ಎಂದು ಬರೆದಿತ್ತು. ಈ ಮಾತು ಸುಳ್ಳಲ್ಲ. ಆದರೆ 60,000ದ ಬದಲು 20,000 ಇದ್ದರೂ ಇದೇ ವಾಕ್ಯ ಹೊಂದುತ್ತದೆ, 2 ಲಕ್ಷವಿದ್ದರೂ ಹೊಂದುತ್ತದೆ. ಮೊತ್ತ ಬದಲಾಯಿಸಿದರೂ ಒಂದು ವಾಕ್ಯ ಹಾಗೇ ನಿಲ್ಲುವುದಾದರೆ ಅದು ಆ ಮೊತ್ತವನ್ನು ಸಮರ್ಥಿಸುತ್ತಿಲ್ಲ ಎಂದೇ ಅರ್ಥ. ನಿಮ್ಮ ಟಿಪ್ಪಣಿಯ ಪ್ರತಿ ವಾಕ್ಯವನ್ನೂ ಹೀಗೆ ಪರೀಕ್ಷಿಸಿ ನೋಡಿ.

ತಿದ್ದುವಾಗ ನಾವು ಬಜೆಟ್ ಹಾಳೆಯನ್ನು ಬದಿಗಿಟ್ಟು, ಮೊದಲು ಕಾರ್ಯಯೋಜನೆಯನ್ನು ಎದುರಿಗಿಟ್ಟುಕೊಂಡೆವು. ಅದರಲ್ಲಿರುವ ಕೆಲಸಗಳಿಗೆ ನಂಬರು ಕೊಟ್ಟೆವು. ಒಂದು, ಪ್ರತಿ ಹಳ್ಳಿಗೆ ಹೋಗಿ ಹಾಡುವವರನ್ನು ಗುರುತಿಸಿ ಒಪ್ಪಿಗೆ ಪಡೆಯುವುದು: ಹಳ್ಳಿಗೆ ಒಂದು ದಿನ. ಎರಡು, ಧ್ವನಿಮುದ್ರಣ: ಹಳ್ಳಿಗೆ ಎರಡು ದಿನ. ಮೂರು, ಹಾಡುಗಳನ್ನು ಕೇಳಿ ಬರೆದುಕೊಳ್ಳುವುದು. ನಾಲ್ಕು, ಬರೆದದ್ದನ್ನು ಹಾಡಿದವರಿಗೇ ಓದಿ ಹೇಳಿ ಪಾಠ ಮತ್ತು ಅರ್ಥ ಸರಿಪಡಿಸುವುದು: ಹಳ್ಳಿಗೆ ಒಂದು ದಿನ. ಐದು, ವರದಿ ಮತ್ತು ಹಾಡುಗಳ ಸೂಚಿ.

ಇದಾದ ಮೇಲೆ ಪ್ರತಿ ಖರ್ಚನ್ನೂ ಈ ಐದರಲ್ಲಿ ಒಂದಕ್ಕೆ ಕಟ್ಟಿದೆವು. ಪ್ರಯಾಣ ಹೀಗಾಯಿತು. ಒಂದನೇ ಮತ್ತು ನಾಲ್ಕನೇ ಕೆಲಸಕ್ಕೆ 24 ದಿನ ಬಸ್ಸಿನಲ್ಲಿ ಹೋಗಿ ಬರಬಹುದು: ಇಬ್ಬರಿಗೆ ದಿನಕ್ಕೆ 400ರಂತೆ 9,600 ರೂಪಾಯಿ. ಎರಡನೇ ಕೆಲಸದ 24 ದಿನ ಬಸ್ಸು ನಡೆಯದು. ಹೊಲದ ಕೆಲಸ, ಅಡುಗೆ ಮುಗಿಸಿ ಹಾಡಲು ಕೂರುವಷ್ಟರಲ್ಲಿ ರಾತ್ರಿಯಾಗುತ್ತದೆ, ಕೊನೆಯ ಬಸ್ಸು ಹೋಗಿರುತ್ತದೆ. ಹಾಗಾಗಿ ಬಾಡಿಗೆ ಗಾಡಿ, ದಿನಕ್ಕೆ 1,200ರಂತೆ 28,800. ಒಟ್ಟು 48 ದಿನ ಇಬ್ಬರ ಊಟಕ್ಕೆ ತಲಾ 200ರಂತೆ 19,200. ಮೊತ್ತ 57,600. ಬಾಡಿಗೆ ಗಾಡಿ ಏಕೆ ಎಂದು ಪರಿಶೀಲಕರು ಕೇಳುವ ಪ್ರಶ್ನೆಗೆ ಉತ್ತರ ಟಿಪ್ಪಣಿಯಲ್ಲೇ ಇದೆ. 60,000 ಎಂಬ ದುಂಡು ಅಂಕಿ ಅಂದಾಜಿನಿಂದ ಹುಟ್ಟಿದ್ದು ಎಂಬುದೂ ಲೆಕ್ಕ ಹಾಕಿದಾಗ ತಿಳಿಯಿತು.

ಸಹಾಯಕರ ಬಾಬತ್ತಿನಲ್ಲಿ ‘ತಿಂಗಳಿಗೆ 12,000, 10 ತಿಂಗಳು’ ಎಂದಿತ್ತು. ಆ ತಿಂಗಳುಗಳಲ್ಲಿ ಅವರು ಏನು ಮಾಡುತ್ತಾರೆ ಎಂಬುದು ಎಲ್ಲಿಯೂ ಇರಲಿಲ್ಲ. ಈಗ ದಿನಗಳನ್ನು ಎಣಿಸಿದೆವು. ಹಳ್ಳಿಗಳಲ್ಲಿ 48 ದಿನ. ಹಳ್ಳಿಗೆ 3 ಗಂಟೆಯಂತೆ ಧ್ವನಿಮುದ್ರಣ 36 ಗಂಟೆ ಆಗುತ್ತದೆ. ಸದಸ್ಯರು ಮೊದಲೇ ಒಂದು ಗಂಟೆಯ ಹಾಡನ್ನು ಬರೆದು ನೋಡಿದ್ದರು, ಬರೆದು ತಿದ್ದಲು 8 ಗಂಟೆ ಹಿಡಿದಿತ್ತು. ಆ ಲೆಕ್ಕದಲ್ಲಿ 288 ಗಂಟೆ, ದಿನಕ್ಕೆ 6 ಗಂಟೆಯಂತೆ 48 ದಿನ. ಸೂಚಿ ಮತ್ತು ವರದಿಗೆ 16 ದಿನ. ಒಟ್ಟು 112 ದಿನ, ದಿನಕ್ಕೆ 1,000ದಂತೆ 1,12,000. ಇಂಥ ಕೆಲಸಕ್ಕೆ ಕೈಹಾಕುವವರು ಒಂದು ಗಂಟೆಯ ಮಾದರಿ ಮಾಡಿ ನೋಡಿ, ಅದನ್ನು ಟಿಪ್ಪಣಿಯಲ್ಲಿ ಹೇಳಿ. ಊಹೆಯ ಅಂಕಿಗಿಂತ ಅದಕ್ಕೆ ಬಲ ಹೆಚ್ಚು.

ಮುದ್ರಣದ 40,000ಕ್ಕೆ ಕಟ್ಟಲು ಯಾವ ಕೆಲಸವೂ ಸಿಗಲಿಲ್ಲ. ಪುಸ್ತಕದ ಮಾತೇ ಕಾರ್ಯಯೋಜನೆಯಲ್ಲಿ ಇರಲಿಲ್ಲ. ಹೀಗಾದಾಗ ದಾರಿ ಎರಡೇ: ಖರ್ಚನ್ನು ಬಿಡುವುದು, ಇಲ್ಲವೇ ಕೆಲಸವನ್ನು ಯೋಜನೆಗೆ ಸೇರಿಸುವುದು. ಹಾಡಿದವರ ಕೈಗೆ ಅವರ ಹಾಡು ಸೇರಬೇಕೆಂಬ ಆಸೆ ಸದಸ್ಯರಿಗಿತ್ತು. ಆದ್ದರಿಂದ ‘ಹಾಡುಗಳನ್ನು ಊರಿಗೆ ಮರಳಿಸುವುದು’ ಎಂಬ ಆರನೇ ಕೆಲಸವನ್ನು ಕೊನೆಯ ತಿಂಗಳಿಗೆ ಬರೆದೆವು. ಅದಕ್ಕೆ 100 ಪ್ರತಿಗಳ ಕಿರುಪುಸ್ತಕ, 15,000 ರೂಪಾಯಿ: 48 ಹಾಡುಗಾರ್ತಿಯರಿಗೆ, ಪ್ರತಿ ಊರಿನ ಶಾಲೆ ಮತ್ತು ವಾಚನಾಲಯಕ್ಕೆ, ಉಳಿದ 28 ಗಡಿಭಾಗದ ಗ್ರಂಥಾಲಯಗಳಿಗೆ. ಊರಿನ ಪ್ರತಿಗಳನ್ನು ಅಂಚೆಯಲ್ಲಿ ಕಳಿಸುವ ವೆಚ್ಚವೂ ಅದರಲ್ಲೇ ಸೇರಿದೆ. ವರದಿಯ ಪ್ರತಿಗಳಿಗೆ 4,000 ಸೇರಿ ಮುದ್ರಣ 19,000ಕ್ಕೆ ಇಳಿಯಿತು.

ಉಪಕರಣದಲ್ಲಿ 35,000ದ ಲ್ಯಾಪ್‌ಟಾಪ್ ಬಿಟ್ಟುಹೋಯಿತು. ಅದು ಎಲ್ಲ ಕೆಲಸಕ್ಕೂ ಬರುವ ವಸ್ತು, ಸದಸ್ಯರ ಕಾಲೇಜಿನಲ್ಲೇ ಇದೆ. ರೆಕಾರ್ಡರ್ ಮತ್ತು ಮೈಕ್ ಎರಡನೇ ಕೆಲಸಕ್ಕೆ ಬೇಕೇ ಬೇಕು, 15,000. ಧ್ವನಿಮುದ್ರಣದ ಎರಡು ನಕಲು ಬೇರೆ ಬೇರೆ ಕಡೆ ಇಡಲು ಎರಡು ಹಾರ್ಡ್ ಡಿಸ್ಕ್, 10,000. ‘ಇತರೆ’ ಎಂಬುದನ್ನು ಒಪ್ಪಿಗೆ ಪತ್ರದ ಜೆರಾಕ್ಸ್, ಬ್ಯಾಟರಿ, ಮೆಮೊರಿ ಕಾರ್ಡ್ ಎಂದು ಬಿಡಿಸಿದಾಗ 12,000 ಸಾಕೆನಿಸಿತು.

ಖರ್ಚುಗಳನ್ನು ಕೆಲಸಕ್ಕೆ ಕಟ್ಟಿ ಮುಗಿದ ಮೇಲೆ ತಿರುಗಿ ಇನ್ನೊಂದು ದಿಕ್ಕಿನಿಂದ ನೋಡಬೇಕು: ಪ್ರತಿ ಕೆಲಸಕ್ಕೂ ಬೇಕಾದ ಖರ್ಚೆಲ್ಲ ಬಂದಿದೆಯೇ? ಇಲ್ಲಿಯೇ ದೊಡ್ಡ ಕೊರತೆ ಕಂಡಿತು. ಎರಡನೇ ಮತ್ತು ನಾಲ್ಕನೇ ಕೆಲಸ ನಡೆಯುವುದು ಹಾಡುವವರಿಂದ. ಹಳ್ಳಿಗೆ ನಾಲ್ವರಂತೆ 48 ಜನ, ತಲಾ ಮೂರು ದಿನ ನಮಗಾಗಿ ಹೊತ್ತು ಕೊಡುತ್ತಾರೆ. ಅವರಲ್ಲಿ ಕೆಲವರು ಇಂದಿಗೂ ಕೂಲಿಗೆ ಹೋಗುವವರು, ರಾತ್ರಿ ಹಾಡಿದವರಿಗೆ ಬೆಳಗಿನ ಕೂಲಿ ತಪ್ಪಬಹುದು. ಮೊದಲ ಬಜೆಟ್‌ನಲ್ಲಿ ಲ್ಯಾಪ್‌ಟಾಪಿಗೆ ಜಾಗವಿತ್ತು, ಇವರಿಗೆ ಒಂದು ರೂಪಾಯಿಯೂ ಇರಲಿಲ್ಲ. ದಿನಕ್ಕೆ 500ರಂತೆ 72,000 ರೂಪಾಯಿ ಗೌರವಧನ ಸೇರಿಸಿದೆವು. ಇದನ್ನು ಯಾವ ಬಾಬತ್ತಿನಲ್ಲಿ ತೋರಿಸಬೇಕು, ಅದಕ್ಕೆ ಅವಕಾಶವಿದೆಯೇ ಎಂಬುದನ್ನು ಅನುದಾನ ಕೊಡುವವರ ನಿಯಮ ಓದಿಯೇ ನಿರ್ಧರಿಸಬೇಕು. ಖರ್ಚಿಲ್ಲದ ಕೆಲಸವಿದ್ದರೆ ‘ಇದನ್ನು ಮುಖ್ಯ ಸಂಶೋಧಕರು ಸಂಭಾವನೆ ಇಲ್ಲದೆ ಮಾಡುತ್ತಾರೆ’ ಎಂದು ಸ್ಪಷ್ಟವಾಗಿ ಬರೆಯಿರಿ.

ಎಲ್ಲ ಕೂಡಿಸಿದಾಗ 2,97,600 ಆಯಿತು. ಅಷ್ಟನ್ನೇ ಕೇಳಿದೆವು, 3 ಲಕ್ಷಕ್ಕೆ ಏರಿಸಲು ಹೋಗಲಿಲ್ಲ. ಖರ್ಚಾಗದ ಹಣವನ್ನು ಸಾಮಾನ್ಯವಾಗಿ ಹಿಂದಿರುಗಿಸಬೇಕಾಗುತ್ತದೆ, ಬಳಕೆ ಪ್ರಮಾಣಪತ್ರ ಕೊಡುವಾಗ ಬಾಬತ್ತುವಾರು ಲೆಕ್ಕ ಕೇಳುತ್ತಾರೆ.

ಹೊಸ ಟಿಪ್ಪಣಿಯ ಒಂದು ವಾಕ್ಯ ನೋಡಿ: ‘ಎರಡನೇ ಕೆಲಸದಲ್ಲಿ 12 ಹಳ್ಳಿಗಳಲ್ಲಿ ತಲಾ 2 ರಾತ್ರಿ ಧ್ವನಿಮುದ್ರಣ ನಡೆಯುತ್ತದೆ; ಆ ಹೊತ್ತಿಗೆ ಬಸ್ಸು ಇಲ್ಲದ ಕಾರಣ 24 ದಿನ ಬಾಡಿಗೆ ಗಾಡಿ, ದಿನಕ್ಕೆ 1,200ರಂತೆ 28,800 ರೂಪಾಯಿ.’ ಕೆಲಸ, ಎಣಿಕೆ, ಕಾರಣ, ದರ, ಮೊತ್ತ: ಈ ಐದೂ ಒಂದೇ ವಾಕ್ಯದಲ್ಲಿ ಬಂದಿವೆ. ಹಳ್ಳಿಗಳ ಸಂಖ್ಯೆ 12ರಿಂದ 10ಕ್ಕೆ ಇಳಿದರೆ ಈ ವಾಕ್ಯವೂ ಬದಲಾಗಬೇಕು, ಕೋಷ್ಟಕವೂ ಬದಲಾಗಬೇಕು. ಕೊನೆಯ ಗಳಿಗೆಯಲ್ಲಿ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದರಿಂದಲೇ ಅಂಕಿಗಳು ತಾಳೆಯಾಗದೆ ಹೋಗುತ್ತವೆ. ಕಳುಹಿಸುವ ಮುನ್ನ ಒಬ್ಬರು ಟಿಪ್ಪಣಿ ಓದಬೇಕು, ಇನ್ನೊಬ್ಬರು ಕೋಷ್ಟಕದಲ್ಲಿ ಬೆರಳಿಟ್ಟು ನೋಡಬೇಕು.

ಅರ್ಜಿ ಸಿದ್ಧಪಡಿಸುತ್ತಿರುವ ಸದಸ್ಯರು ಕರಡನ್ನು ಸಂಘದ ಕಚೇರಿಗೆ ತಂದರೆ ಕೂತು ನೋಡುತ್ತೇವೆ. ಬಜೆಟ್ ಹಾಳೆಯೊಂದನ್ನೇ ತರಬೇಡಿ, ಕಾರ್ಯಯೋಜನೆ ಮತ್ತು ಅನುದಾನದ ನಿಯಮಗಳ ಪ್ರತಿಯೂ ಜೊತೆಗಿರಲಿ.

– ಕಾರ್ಯದರ್ಶಿ