ಹೀಪ್ ಸಾರ್ಟ್‌ನಲ್ಲಿ ಸಮಾನರ ಸಾಲು ಕೆಡುವುದೇಕೆ?

ಒಂದು ತರಗತಿಯ ಪಟ್ಟಿ ಹೆಸರಿನ ಅಕಾರಾದಿಯಲ್ಲಿದೆ. ಅದನ್ನೀಗ ಅಂಕಗಳ ಪ್ರಕಾರ ಜೋಡಿಸಬೇಕು. ಒಂದೇ ಅಂಕ ಪಡೆದವರು ಮೊದಲಿನ ಅಕಾರಾದಿಯಲ್ಲೇ ಉಳಿದರೆ ಆ ಜೋಡಣೆಯ ವಿಧಾನವನ್ನು ‘ಸ್ಟೇಬಲ್’ ಎನ್ನುತ್ತಾರೆ. ಜೆ. ಡಬ್ಲ್ಯು. ಜೆ. ವಿಲಿಯಮ್ಸ್ 1964ರಲ್ಲಿ ಪ್ರಕಟಿಸಿದ ಹೀಪ್ ಸಾರ್ಟ್‌ಗೆ ಈ ಗುಣವಿಲ್ಲ.

ಹೀಪ್ ಎಂದರೆ ಪ್ರತಿಯೊಬ್ಬ ತಂದೆಯೂ ತನ್ನ ಮಕ್ಕಳಿಗಿಂತ ಚಿಕ್ಕವನಲ್ಲದ ಒಂದು ವಂಶವೃಕ್ಷ. ಈ ಮರಕ್ಕೆ ಬೇರೆ ಜಾಗ ಬೇಡ, ಪಟ್ಟಿಯೇ ಮರ. ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿದರೆ `i` ಸ್ಥಾನದಲ್ಲಿರುವವನ ಮಕ್ಕಳು `2i+1` ಮತ್ತು `2i+2`ರಲ್ಲಿ ಇರುತ್ತಾರೆ. ಮೊದಲು ಇಡೀ ಪಟ್ಟಿಯನ್ನು ಹೀಪ್ ಮಾಡಿಕೊಳ್ಳಬೇಕು. ಆಗ ಎಲ್ಲಕ್ಕಿಂತ ದೊಡ್ಡದು ತುದಿಗೆ ಬಂದಿರುತ್ತದೆ. ಅದನ್ನು ಹೀಪ್‌ನ ಕೊನೆಯ ಸ್ಥಾನದಲ್ಲಿರುವುದರ ಜೊತೆ ಅದಲುಬದಲು ಮಾಡಿ, ಆ ಸ್ಥಾನವನ್ನು ಹೀಪ್‌ನಿಂದ ಹೊರಗಿಡುತ್ತೇವೆ. ತುದಿಗೇರಿದ ಹೊಸಬನನ್ನು ಅವನಿಗೆ ತಕ್ಕ ಜಾಗಕ್ಕೆ ಇಳಿಸುತ್ತೇವೆ. ಹೀಪ್ ಕರಗುವವರೆಗೂ ಇದೇ ಕೆಲಸ.

ಹತ್ತು ಲಕ್ಷ ದಾಖಲೆಗಳಿದ್ದರೂ ಮರಕ್ಕೆ ಇರುವುದು 20 ಮಟ್ಟಗಳಷ್ಟೆ. ಇಳಿಯುವಾಗ ಪ್ರತಿ ಮಟ್ಟದಲ್ಲಿ ಎರಡು ಹೋಲಿಕೆ ಸಾಕು. ಹೀಗಾಗಿ ಪಟ್ಟಿ ಮೊದಲು ಹೇಗೇ ಇದ್ದರೂ ಹೋಲಿಕೆಗಳು ಸುಮಾರು ನಾಲ್ಕು ಕೋಟಿಯ ಆಸುಪಾಸನ್ನು ಮೀರುವುದಿಲ್ಲ. `n log n` ಭರವಸೆ ಎಂದರೆ ಇದೇ. ಕ್ವಿಕ್ ಸಾರ್ಟ್ ಸಾಮಾನ್ಯವಾಗಿ ಇದಕ್ಕಿಂತ ಚುರುಕು, ಆದರೆ ಅದೃಷ್ಟ ಕೆಟ್ಟರೆ ಹೋಲಿಕೆಗಳು ಲಕ್ಷ ಕೋಟಿಯ ಲೆಕ್ಕಕ್ಕೆ ಹೋಗುತ್ತವೆ.

ತೊಂದರೆ ಇರುವುದು ಆ ಅದಲುಬದಲಿನಲ್ಲಿ. ಅನಿತಾ, ಚೈತ್ರಾ, ಬಸವರಾಜ ಮೂವರಿಗೂ 7 ಅಂಕ ಬಂದಿದೆ ಎನ್ನಿ. ಯಾರೂ ಯಾರಿಗಿಂತಲೂ ದೊಡ್ಡವರಲ್ಲ, ಆದ್ದರಿಂದ ಇದು ಆಗಲೇ ಹೀಪ್. ತುದಿಯ ಅನಿತಾ ಕೊನೆಗೆ ಹೋಗಿ ಬಸವರಾಜ ಮೇಲೆ ಬರುತ್ತಾನೆ. ಚೈತ್ರಾಳ ಅಂಕವೂ ಅಷ್ಟೇ ಇರುವುದರಿಂದ ಅವನು ಇಳಿಯಬೇಕಿಲ್ಲ. ಮುಂದಿನ ಸುತ್ತಿನಲ್ಲಿ ಬಸವರಾಜ ಮತ್ತು ಚೈತ್ರಾ ಜಾಗ ಬದಲಿಸುತ್ತಾರೆ. ಕೊನೆಗೆ ಸಿಗುವ ಸಾಲು: ಚೈತ್ರಾ, ಬಸವರಾಜ, ಅನಿತಾ. ಪೂರ್ತಿ ತಿರುವುಮುರುವಾಗಿದ್ದರೆ ಹಿಂದಿನಿಂದ ಓದಿ ಸರಿಪಡಿಸಬಹುದಿತ್ತು. ಇಲ್ಲಿ ಅದೂ ಆಗಿಲ್ಲ.

ಪಟ್ಟಿಯ ಕೊನೆಯಲ್ಲಿದ್ದವನು ಒಂದೇ ನೆಗೆತಕ್ಕೆ ತುದಿಗೆ ಬರುವಾಗ ನಡುವೆ ಇರುವ ಸಮಾನರನ್ನು ನೋಡುವುದೇ ಇಲ್ಲ. ಹೋಲಿಕೆ ನಡೆಯುವುದು ತಂದೆ-ಮಕ್ಕಳ ಸಾಲಿನಲ್ಲಿ ಮಾತ್ರ. ಬೇರೆ ಕೊಂಬೆಯಲ್ಲಿ ತನ್ನಷ್ಟೇ ಅಂಕದವರು ಇದ್ದರೆ, ಅವರು ಮೊದಲು ತನಗಿಂತ ಮುಂದಿದ್ದರೋ ಹಿಂದಿದ್ದರೋ ಎಂಬ ಸುಳಿವು ಎಲ್ಲೂ ಉಳಿಯುವುದಿಲ್ಲ. `>` ಬದಲು `>=` ಹಾಕಿದರೂ ಈ ನೆಗೆತ ತಪ್ಪದು.

ಪ್ರತಿ ದಾಖಲೆಗೂ ಮೂಲ ಕ್ರಮಸಂಖ್ಯೆ ಅಂಟಿಸಿ, ಅಂಕ ಸಮವಾದಾಗ ಅದನ್ನು ಹೋಲಿಸಿದರೆ ಸಾಲು ಉಳಿಯುತ್ತದೆ. ಆದರೆ ಹತ್ತು ಲಕ್ಷ ದಾಖಲೆಗಳಿಗೆ ಹತ್ತು ಲಕ್ಷ ಸಂಖ್ಯೆಗಳ ಜಾಗ ಬೇಕಾಗುತ್ತದೆ. ಅಷ್ಟು ಜಾಗ ಕೊಡಲು ಸಿದ್ಧರಿದ್ದರೆ ಮರ್ಜ್ ಸಾರ್ಟ್ ಬಳಸುವುದೇ ಲೇಸು, ಅದು ಮೊದಲಿಂದಲೂ ಸ್ಟೇಬಲ್. ಲಿನಕ್ಸ್ ಕರ್ನಲ್‌ನಲ್ಲಿ ಎರಡೂ ಇವೆ. ಅರೇಗಳನ್ನು ಜೋಡಿಸುವ `lib/sort.c` ಹೀಪ್ ಸಾರ್ಟ್ ಬಳಸುತ್ತದೆ. ಲಿಂಕ್ಡ್ ಲಿಸ್ಟ್‌ಗಳಿಗೆ ಇರುವ `list_sort` ಮರ್ಜ್ ಸಾರ್ಟ್. ಅಲ್ಲಿ ಕೊಂಡಿಗಳನ್ನು ಬದಲಿಸಿದರೆ ಸಾಕು, ಇನ್ನೊಂದು ಅರೇ ಬೇಕಿಲ್ಲ.