ಬಿಲ್ಲಿಗೆ ಎಷ್ಟು ಗಂಟೆ, ಬೆಂಚಿಗೆ ಎಷ್ಟು ಗಂಟೆ?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ತಿಂಗಳ ಕೊನೆಯ ವಾರ ಬಂತೆಂದರೆ ‘ಟೈಮ್‌ಶೀಟ್ ಹಾಕಿದ್ರಾ?’ ಎಂಬ ಮೇಲ್‌ಗಳು ಬೆನ್ನು ಹತ್ತುತ್ತವೆ. ಯಾವ ದಿನ ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಯಿತು ಎಂದು ಬರೆದಿಡುವ ಈ ಹಾಳೆಯನ್ನು ಖುಷಿಯಿಂದ ತುಂಬುವವರು ಕಡಿಮೆ. ಆದರೆ ಇದರಿಂದ ಹೊರಡುವ ಒಂದು ಶೇಕಡಾ ಅಂಕಿ ಕನ್ಸಲ್ಟೆಂಟ್ ಒಬ್ಬರ ಬೋನಸ್ಸಿನ ಮೇಲೂ ಮುಂದಿನ ಪ್ರಾಜೆಕ್ಟಿನ ಮೇಲೂ ಕಣ್ಣಿಟ್ಟಿರುತ್ತದೆ. ಅದೇ ಯುಟಿಲೈಸೇಶನ್: ಕೈಯಲ್ಲಿದ್ದ ಗಂಟೆಗಳಲ್ಲಿ ಎಷ್ಟಕ್ಕೆ ಕ್ಲೈಂಟ್ ದುಡ್ಡು ಕೊಟ್ಟ ಎಂಬ ಲೆಕ್ಕ.

ಆಟೋದವರ ದಿನವನ್ನು ನೆನೆಸಿಕೊಂಡರೆ ಇದು ಬೇಗ ತಿಳಿಯುತ್ತದೆ. ಮೀಟರ್ ಓಡಿದ ಹೊತ್ತು ಒಂದು, ಸ್ಟ್ಯಾಂಡಿನಲ್ಲಿ ಸವಾರಿಗೆ ಕಾದ ಹೊತ್ತು ಇನ್ನೊಂದು, ಗಾಡಿಯನ್ನು ಗ್ಯಾರೇಜಿಗೆ ಬಿಟ್ಟ ಹೊತ್ತು ಮತ್ತೊಂದು. ಕನ್ಸಲ್ಟೆಂಟ್ ಭಾಷೆಯಲ್ಲಿ ಮೊದಲನೆಯದು ಬಿಲ್ಲಬಲ್, ಎರಡನೆಯದು ಬೆಂಚ್, ಮೂರನೆಯದು ಟ್ರೇನಿಂಗ್. ಮೂರಕ್ಕೂ ಕಂಪನಿ ಸಂಬಳ ಕೊಡುತ್ತದೆ. ಕಂಪನಿಗೆ ಹಣ ಬರುವುದು ಮಾತ್ರ ಮೊದಲನೆಯದರಿಂದ.

2025ರ ಅಕ್ಟೋಬರ್ ತಿಂಗಳನ್ನೇ ತೆಗೆದುಕೊಂಡು ಒಂದು ಲೆಕ್ಕ ಹಾಕೋಣ. ಶನಿವಾರ, ಭಾನುವಾರ ಬಿಟ್ಟರೆ ಆ ತಿಂಗಳಲ್ಲಿ 23 ದಿನ. 1ರಂದು ಆಯುಧಪೂಜೆ, 2ರಂದು ಗಾಂಧಿ ಜಯಂತಿ ಮತ್ತು ವಿಜಯದಶಮಿ ಒಟ್ಟಿಗೇ, 20ಕ್ಕೆ ನರಕ ಚತುರ್ದಶಿ, 22ಕ್ಕೆ ಬಲಿಪಾಡ್ಯಮಿ. ಈ ನಾಲ್ಕಕ್ಕೂ ರಜೆ ಕೊಡುವ ಆಫೀಸು ಎಂದುಕೊಂಡರೆ ಉಳಿದದ್ದು 19 ದಿನ, ದಿನಕ್ಕೆ 8ರಂತೆ 152 ಗಂಟೆ. ನಮ್ಮ ಕನ್ಸಲ್ಟೆಂಟ್ ಹಬ್ಬಕ್ಕೆ ಊರಿಗೆ ಹೋಗಲು 21 ಮತ್ತು 23ಕ್ಕೆ ರಜೆ ಹಾಕಿದ್ದಾಳೆ. ಅಲ್ಲಿಗೆ ಅವಳು ನಿಜವಾಗಿ ಕೆಲಸಕ್ಕೆ ಸಿಕ್ಕದ್ದು 17 ದಿನ, 136 ಗಂಟೆ.

ಅವಳ ಪ್ರಾಜೆಕ್ಟ್ 24ರ ಶುಕ್ರವಾರ ಮುಗಿಯಿತು. ಅಲ್ಲಿಯವರೆಗಿನ 12 ದಿನ, ಅಂದರೆ 96 ಗಂಟೆ, ಬಿಲ್ಲಿಗೆ ಹೋಯಿತು. ಕೊನೆಯ ವಾರದ ಮೊದಲ ಮೂರು ದಿನ ಕ್ಲೌಡ್ ಕೋರ್ಸ್ ಮಾಡಿದಳು, 24 ಗಂಟೆ. ಮಿಕ್ಕ ಎರಡು ದಿನ, 16 ಗಂಟೆ, ಬೆಂಚ್. 96, 24, 16 ಕೂಡಿದರೆ 136. ಈ ಕೂಡುವಿಕೆ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಬೇಕು. ಒಂದೋ ರಜೆ ಎರಡು ಕಡೆ ಬಿದ್ದಿರುತ್ತದೆ, ಇಲ್ಲವೇ ಯಾವುದೋ ದಿನ ಖಾಲಿ ಉಳಿದಿರುತ್ತದೆ. ಎಕ್ಸೆಲ್‌ನಲ್ಲಿ ಬಿಲ್ಲಬಲ್ ಗಂಟೆ B ಕಾಲಂನಲ್ಲಿ, ಟ್ರೇನಿಂಗ್ C ಯಲ್ಲಿ, ಬೆಂಚ್ D ಯಲ್ಲಿ ಇದ್ದರೆ ಸೂತ್ರ ಇಷ್ಟೇ:

```
=B2/(B2+C2+D2)
```

ಉತ್ತರ ಶೇ 71. ನಾನಾದರೆ ಇದನ್ನೇ ಒಪ್ಪುತ್ತೇನೆ. ಆದರೆ ಎಲ್ಲರೂ ಒಪ್ಪುವುದಿಲ್ಲ, ತಮಾಷೆ ಶುರುವಾಗುವುದೇ ಅಲ್ಲಿ. ಸ್ವಂತ ರಜೆಯನ್ನು ಕಳೆಯದೆ 152ರಿಂದ ಭಾಗಿಸುವ ಕಂಪನಿಯಲ್ಲಿ ಇವಳದು ಶೇ 63. ‘ಕೋರ್ಸ್‌ಗೆ ಕಳಿಸಿದ್ದು ನಾವೇ, ಆ ಗಂಟೆಗಳನ್ನು ಅವಳ ತಲೆಗೆ ಕಟ್ಟುವುದು ಬೇಡ’ ಎಂದು ಟ್ರೇನಿಂಗನ್ನು ಛೇದದಿಂದ ತೆಗೆದರೆ 96ನ್ನು 112ರಿಂದ ಭಾಗಿಸಿ ಶೇ 86. ಇನ್ನೂ ಧಾರಾಳವಾಗಿ ಟ್ರೇನಿಂಗನ್ನೂ ‘ಉಪಯೋಗಕ್ಕೆ ಬಂದ ಹೊತ್ತು’ ಎಂದು ಮೇಲಿನ ಸಾಲಿಗೆ ಸೇರಿಸಿದರೆ 120ನ್ನು 136ರಿಂದ ಭಾಗಿಸಿ ಶೇ 88. ಅದೇ ಹುಡುಗಿ, ಅದೇ ತಿಂಗಳು, ಅದೇ ಕೆಲಸ. ಒಂದು ಲೆಕ್ಕದಲ್ಲಿ ಅವಳು ಮ್ಯಾನೇಜರಿಗೆ ತಲೆನೋವು, ಇನ್ನೊಂದರಲ್ಲಿ ಟೀಮಿನ ಹೆಮ್ಮೆ.

ಹಬ್ಬದ ರಜೆಯೂ ಸ್ವಂತ ರಜೆಯೂ ಛೇದದಲ್ಲಿ ಇರಬಾರದು, ಏಕೆಂದರೆ ಆ ಗಂಟೆಗಳನ್ನು ಮಾರಲು ಯಾರಿಗೂ ಸಾಧ್ಯವಿರಲಿಲ್ಲ. ಟ್ರೇನಿಂಗ್ ಹಾಗಲ್ಲ. ಆ ಮೂರು ದಿನ ಪ್ರಾಜೆಕ್ಟ್ ಸಿಕ್ಕಿದ್ದರೆ ಕೋರ್ಸ್ ಮುಂದಕ್ಕೆ ಹೋಗುತ್ತಿತ್ತು. ಹಾಗಾಗಿ ಅದು ಛೇದದಲ್ಲಿ ಇರಲಿ, ಆದರೆ ಬೆಂಚಿನ ಜೊತೆ ಕಲೆಸದೆ ಬೇರೆ ಕಾಲಂನಲ್ಲಿ ಇರಲಿ.

ಒಬ್ಬರ ಲೆಕ್ಕದಿಂದ ಟೀಮಿನ ಲೆಕ್ಕಕ್ಕೆ ಹೋಗುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಅದೇ ಟೀಮಿಗೆ 27ರ ಸೋಮವಾರ ಹೊಸಬನೊಬ್ಬ ಸೇರಿದ ಎನ್ನಿ. ಅವನ ಐದು ದಿನ, 40 ಗಂಟೆ, ಪೂರ್ತಿ ಟ್ರೇನಿಂಗ್, ಬಿಲ್ಲಿಗೆ ಸೊನ್ನೆ. 71ಕ್ಕೆ ಸೊನ್ನೆ ಕೂಡಿಸಿ ಎರಡರಿಂದ ಭಾಗಿಸಿದರೆ ಟೀಮಿನ ಸರಾಸರಿ ಶೇ 35 ಆಗಿಬಿಡುತ್ತದೆ. ಇದು ತಪ್ಪು. ಒಂದು ವಾರ ಇದ್ದವನಿಗೂ ತಿಂಗಳಿಡೀ ಇದ್ದವಳಿಗೂ ಸಮ ತೂಕ ಕೊಟ್ಟಂತಾಯಿತು. ಶೇಕಡಾಗಳನ್ನು ಕೂಡಿಸಬಾರದು, ಗಂಟೆಗಳನ್ನು ಕೂಡಿಸಬೇಕು. ಬಿಲ್ಲಬಲ್ 96, ಒಟ್ಟು 176, ಉತ್ತರ ಶೇ 55.

ಹೊಸಬನನ್ನು ಬಿಟ್ಟು ಲೆಕ್ಕ ಹಾಕಿದರೆ ಮತ್ತೆ 71. ಎರಡೂ ಸುಳ್ಳಲ್ಲ, ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಮೈಸೂರಿನಲ್ಲಿ ದೊಡ್ಡ ತರಬೇತಿ ಕ್ಯಾಂಪಸ್ ಇಟ್ಟುಕೊಂಡಿರುವ ಇನ್ಫೋಸಿಸ್ ತನ್ನ ಮೂರು ತಿಂಗಳ ವರದಿಗಳಲ್ಲಿ ಟ್ರೇನಿಗಳನ್ನು ಸೇರಿಸಿ ಒಂದು, ಬಿಟ್ಟು ಒಂದು, ಹೀಗೆ ಎರಡು ಯುಟಿಲೈಸೇಶನ್ ಅಂಕಿ ಕೊಡುವ ಪದ್ಧತಿ ಇಟ್ಟುಕೊಂಡದ್ದು ಇದಕ್ಕೇ. ಒಂದೇ ಅಂಕಿ ಕೊಟ್ಟು ಯಾವುದೆಂದು ಹೇಳದವರ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು.

ಲೆಕ್ಕ ಸರಿಯಿದ್ದೂ ಅಂಕಿ ಸುಳ್ಳಾಗುವುದುಂಟು. ಬೆಂಚ್ ಎಂದು ಬರೆಯಲು ಯಾರಿಗೂ ಧೈರ್ಯವಿರುವುದಿಲ್ಲ, ಹಾಗಾಗಿ ಆ ಗಂಟೆಗಳು ಮೆಲ್ಲಗೆ ಟ್ರೇನಿಂಗ್ ಕೋಡಿಗೋ ‘ಇಂಟರ್ನಲ್ ಪ್ರಾಜೆಕ್ಟ್’ ಕೋಡಿಗೋ ಜಾರುತ್ತವೆ. ಟ್ರೇನಿಂಗ್ ಗಂಟೆ ಇದೆ, ಕೋರ್ಸ್ ಮುಗಿಸಿದ ದಾಖಲೆ ಇಲ್ಲ ಎಂದಾದರೆ ಅನುಮಾನ ಪಡಬಹುದು. ಪ್ರಾಜೆಕ್ಟ್ ಮುಗಿದ ತಿಂಗಳಲ್ಲೂ ಇಡೀ ಟೀಮಿನ ಬೆಂಚ್ ಕಾಲಂ ಸೊನ್ನೆ ಎಂದರೆ ಅನುಮಾನವೇ ಬೇಡ. ಇದರಿಂದ ನಷ್ಟ ಯಾರಿಗೆ? ಯಾರು ಖಾಲಿ ಇದ್ದಾರೆಂದೇ ತಿಳಿಯದೆ ಕಂಪನಿ ಹೊರಗಿನಿಂದ ಹೊಸಬರನ್ನು ತೆಗೆದುಕೊಳ್ಳುತ್ತದೆ, ಒಳಗೆ ಕೂತವರು ಕೂತೇ ಇರುತ್ತಾರೆ.

ಉಲ್ಟಾ ಕಡೆಯದೂ ಒಂದಿದೆ. ಒಪ್ಪಂದದಲ್ಲಿ ದಿನಕ್ಕೆ 8 ಗಂಟೆ ಎಂದಿದ್ದರೆ ರಾತ್ರಿ ಹತ್ತರವರೆಗೆ ಕೂತರೂ ಬಿಲ್ಲಿಗೆ ಹೋಗುವುದು 8. ಯುಟಿಲೈಸೇಶನ್ ದುಡಿಮೆಯನ್ನು ಅಳೆಯುವುದಿಲ್ಲ, ಮಾರಾಟವಾದ ಹೊತ್ತನ್ನು ಅಳೆಯುತ್ತದೆ. ಅಪ್ರೈಸಲ್‌ನಲ್ಲಿ ಇದನ್ನೇ ಪರಿಶ್ರಮದ ಗುರುತೆಂದು ಬಳಸುವುದು ಅನ್ಯಾಯ. ಪ್ರಾಜೆಕ್ಟ್ ತರುವುದು ಸೇಲ್ಸ್‌ನವರ ಕೆಲಸ, ಕೋಡ್ ಬರೆಯುವವಳದ್ದಲ್ಲ.

2025ರ ಜೂನ್‌ನಲ್ಲಿ ಟಿಸಿಎಸ್ ತಂದ ನಿಯಮದ ಪ್ರಕಾರ ಉದ್ಯೋಗಿಯೊಬ್ಬರು ವರ್ಷಕ್ಕೆ 225 ದಿನ ಬಿಲ್ಲಬಲ್ ಆಗಿರಬೇಕು, ಬೆಂಚಿನ ಮೇಲೆ 35 ದಿನ ಮೀರಬಾರದು. ಎರಡನ್ನೂ ಕೂಡಿದರೆ 260. ಇದು 52 ವಾರಕ್ಕೆ ವಾರಕ್ಕೆ 5 ದಿನದಂತೆ ಬರುವ ಒಟ್ಟು ದಿನಗಳಷ್ಟೇ. 260ರಲ್ಲಿ 225 ಅಂದರೆ ಶೇ 87ರ ಹತ್ತಿರ. ಹಬ್ಬ, ಸ್ವಂತ ರಜೆಗಳಿಗಾಗಿ ಅದರಲ್ಲಿ 25 ದಿನ ತೆಗೆದಿಟ್ಟರೆ ಉಳಿಯುವುದು 235. ಅದರಲ್ಲಿ 225 ಎಂದರೆ ಶೇ 96ರ ಹತ್ತಿರ; ಕಲಿಯುವುದಕ್ಕೂ ಎರಡು ಪ್ರಾಜೆಕ್ಟ್‌ಗಳ ನಡುವೆ ಉಸಿರಾಡುವುದಕ್ಕೂ ಸೇರಿ ಸಿಗುವುದು 10 ದಿನ.

ನಿಮ್ಮ ಮನೆಯಲ್ಲಿ ಇಂಥ ಕೆಲಸದವರಿದ್ದರೆ, ಅಪ್ರೈಸಲ್ ಸಭೆಗೆ ಹೋಗುವ ಮುನ್ನ ತಮ್ಮ ಟೈಮ್‌ಶೀಟಿನ ಪ್ರತಿ ತಿಂಗಳ ಪ್ರತಿ ಇಟ್ಟುಕೊಳ್ಳಲು ಹೇಳಿ. ಶೇಕಡಾ ಕೇಳಿ ಬಂದಾಗ ಒಂದೇ ಪ್ರಶ್ನೆ ಹಾಕಲಿ: ‘ಸರ್, ಇದನ್ನು ಎಷ್ಟು ಗಂಟೆಯಿಂದ ಭಾಗಿಸಿದ್ದೀರಿ?’