ನಿಂತರೋ, ನಿಲ್ಲಿಸಿದರೋ?

ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯೆಯನ್ನು ಹೇಳಬೇಕಾದಾಗ ಸಾಮಾನ್ಯವಾಗಿ ಎರಡು ರೂಪಗಳು ಒದಗುತ್ತವೆ. ಧಾತುವಿಗೆ ‘ಇಂಗ್’ ಸೇರಿಸಿ ಅದನ್ನು ನಾಮಪದದಂತೆ ನಡೆಸುವುದು ಒಂದು. ಇದಕ್ಕೆ ಜೆರಂಡ್ ಎಂದು ಹೆಸರು. ಧಾತುವಿನ ಹಿಂದೆ ‘ಟು’ ಇರಿಸುವುದು ಇನ್ನೊಂದು, ಇದು ಇನ್‌ಫಿನಿಟಿವ್. ನಮ್ಮ ‘ಓದುವುದು’, ‘ಓದಲು’ ಎಂಬ ರೂಪಗಳಿಗೆ ಇವು ಸ್ಥೂಲವಾಗಿ ಹೊಂದುತ್ತವೆ.

ಯಾವ ಕ್ರಿಯಾಪದವು ಯಾವ ರೂಪವನ್ನು ಬಯಸುತ್ತದೆ ಎಂಬುದು ಆಯಾ ಪದದ ಜಾಯಮಾನ. ‘ಎಂಜಾಯ್’ ಎಂಬುದು ‘ರೀಡಿಂಗ್’ ಎಂಬ ರೂಪವನ್ನು ಮಾತ್ರ ಒಪ್ಪುತ್ತದೆ. ‘ವಾಂಟ್’ ಎಂಬುದು ಇಚ್ಛೆಯನ್ನು ಹೇಳುವಾಗ ‘ಟು ರೀಡ್’ ಎಂಬುದನ್ನೇ ಕೇಳುತ್ತದೆ. ಅವಸರದ ಸಂದೇಶದಲ್ಲಿ ಒಬ್ಬನು ‘ಐ ಎಂಜಾಯ್ ಟು ರೀಡ್’ ಎಂದು ಬರೆದರೆ ತಿಳಿದವರು ನಕ್ಕಾರು. ಆದರೆ ಅರ್ಥವೇನೂ ಕೆಡುವುದಿಲ್ಲ. ಇಂತಹ ತಪ್ಪು ಕಣ್ಣಿಗೆ ಬೀಳುವ ತಪ್ಪು. ಕಲಿಯುವವರಿಗಾಗಿ ರಚಿಸಿದ ನಿಘಂಟನ್ನು ತೆರೆದರೆ ತಿದ್ದಿಕೊಳ್ಳಬಹುದು. ಅಪಾಯವಿರುವುದು ಎರಡು ರೂಪಗಳನ್ನೂ ಒಪ್ಪಿ, ಅರ್ಥವನ್ನು ಮಾತ್ರ ಬದಲಿಸಿಬಿಡುವ ‘ಸ್ಟಾಪ್’, ‘ರಿಮೆಂಬರ್’ ಮೊದಲಾದ ಪದಗಳಲ್ಲಿ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ರಕ್ತದೊತ್ತಡವಿರುವ ತಂದೆಯನ್ನು ತಮ್ಮನು ಕಾರಿನಲ್ಲಿ ನೆಂಟರ ಊರಿಗೆ ಕರೆದೊಯ್ಯುತ್ತಿದ್ದಾನೆ. ಕಳೆದ ವಾರದಿಂದ ತಂದೆ ಮಾತ್ರೆ ನುಂಗುತ್ತಿಲ್ಲವೆಂಬ ಸಂಗತಿ ದಾರಿಯಲ್ಲಿ ಅವನಿಗೆ ತಿಳಿಯುತ್ತದೆ. ಚಹಾಕ್ಕೆಂದು ಇಳಿದಾಗ ಬೆಂಗಳೂರಿನಲ್ಲಿರುವ ಅಕ್ಕನಿಗೆ ಅವನು ಮೊಬೈಲಿನಲ್ಲಿ ಒಂದೇ ಸಾಲು ಕಳುಹಿಸುತ್ತಾನೆ: ‘ಅಪ್ಪ ಸ್ಟಾಪ್ಡ್ ಟು ಟೇಕ್ ಟ್ಯಾಬ್ಲೆಟ್ಸ್.’ ಅಕ್ಕನಿಂದ ಕೂಡಲೇ ಉತ್ತರ ಬರುತ್ತದೆ: ‘ಗುಡ್.’ ತಂದೆ ಮಾತ್ರೆ ತೆಗೆದುಕೊಳ್ಳಲೆಂದು ದಾರಿಯಲ್ಲಿ ನಿಂತರೆಂದು ಆಕೆ ಓದಿಕೊಂಡಿದ್ದಾಳೆ. ಮಾತ್ರೆ ಬಿಟ್ಟದ್ದೇ ಒಳ್ಳೆಯದೆಂದು ಅಕ್ಕ ಹೇಳಿದಳೆಂದು ತಮ್ಮನು ತಿಳಿಯುತ್ತಾನೆ. ಇಬ್ಬರೂ ನಿಶ್ಚಿಂತರಾಗುತ್ತಾರೆ, ಮಾತ್ರೆ ಮಾತ್ರ ಡಬ್ಬಿಯಲ್ಲಿಯೇ ಉಳಿಯುತ್ತದೆ.

ಈ ವಾಕ್ಯದಲ್ಲಿ ಕಾಗುಣಿತದ ದೋಷವಿಲ್ಲ, ವ್ಯಾಕರಣದ ದೋಷವೂ ಇಲ್ಲ. ಆದುದರಿಂದಲೇ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಕನ್ನಡದಲ್ಲಿ ಇಂತಹ ಗೊಂದಲಕ್ಕೆ ಎಡೆಯಿಲ್ಲ. ಏಕೆಂದರೆ ‘ನಿಲ್ಲು’ ಎಂಬ ಅಕರ್ಮಕ ಧಾತುವೂ ‘ನಿಲ್ಲಿಸು’ ಎಂಬ ಸಕರ್ಮಕ ಧಾತುವೂ ನಮ್ಮಲ್ಲಿ ಬೇರೆ ಬೇರೆ. ಇಂಗ್ಲಿಷಿನ ‘ಸ್ಟಾಪ್’ ಎರಡು ಕೆಲಸವನ್ನೂ ಒಂದೇ ಮೈಯಲ್ಲಿ ಮಾಡುತ್ತದೆ. ಆದ್ದರಿಂದ ಭೇದವನ್ನು ತೋರಿಸುವ ಹೊಣೆ ಮುಂದಿನ ಪದದ ಮೇಲೆ ಬೀಳುತ್ತದೆ. ‘ಟೇಕಿಂಗ್’ ಎಂದರೆ ಅದು ‘ಸ್ಟಾಪ್’ ಎಂಬುದಕ್ಕೆ ಕರ್ಮ. ನಿಲ್ಲಿಸಲ್ಪಟ್ಟ ಕೆಲಸವೇ ಅದು. ‘ಟು ಟೇಕ್’ ಎಂದರೆ ನಿಂತುದರ ಉದ್ದೇಶ. ಸಂದೇಹ ಬಂದಾಗ ಆ ಜಾಗದಲ್ಲಿ ‘ಸಲುವಾಗಿ’ ಎಂಬ ಅರ್ಥವನ್ನು ಇಟ್ಟು ನೋಡಬೇಕು. ಮಾತ್ರೆ ತೆಗೆದುಕೊಳ್ಳುವ ಸಲುವಾಗಿ ನಿಂತರು ಎಂದು ಹೇಳುವುದು ಬರೆಯುವವನ ಅಭಿಪ್ರಾಯವಾದರೆ ಮಾತ್ರ ‘ಟು’ ಸಲ್ಲುತ್ತದೆ.

‘ರಿಮೆಂಬರ್’ ಎಂಬುದರಲ್ಲಿ ಸಂಗತಿ ಬೇರೆ. ಇಲ್ಲಿ ಭೇದವು ಕಾಲದ್ದು. ‘ರಿಮೆಂಬರ್ ಲಾಕಿಂಗ್’ ಎಂದರೆ ಬೀಗ ಹಾಕಿದ್ದು ನೆನಪಿನಲ್ಲಿದೆ, ಕೆಲಸ ಮುಗಿದಿದೆ. ‘ರಿಮೆಂಬರ್ ಟು ಲಾಕ್’ ಎಂದರೆ ಮರೆಯದೆ ಬೀಗ ಹಾಕುವುದು. ನೆನಪು ಮೊದಲು, ಕೆಲಸ ಆಮೇಲೆ. ಕನ್ನಡಿಗರು ಇಲ್ಲಿ ಎಡವುವುದಕ್ಕೆ ನಮ್ಮ ನುಡಿಯೇ ಕಾರಣವಾಗುವುದುಂಟು. ‘ಗೇಟಿಗೆ ಬೀಗ ಹಾಕುವುದನ್ನು ನೆನಪಿಟ್ಟುಕೋ’ ಎಂಬುದು ಶುದ್ಧವಾದ ಕನ್ನಡ. ‘ಹಾಕುವುದನ್ನು’ ಎಂಬುದು ನಾಮರೂಪದಂತೆ ಕಾಣುವುದರಿಂದ, ಇಂಗ್ಲಿಷಿಗೆ ತಿರುಗಿಸುವಾಗ ಬೆರಳು ತಾನಾಗಿ ‘ಲಾಕಿಂಗ್’ ಎಂದು ಒತ್ತಿಬಿಡುತ್ತದೆ. ‘ಹಾಕುವುದು’, ‘ಹಾಕಿದ್ದು’ ಎಂದು ನಾವು ಕಾಲವನ್ನು ಆ ಪದದೊಳಗೇ ಇರಿಸಿಕೊಂಡಿದ್ದೇವೆ. ‘ಲಾಕಿಂಗ್’ ಎಂಬುದರಲ್ಲಿ ಆ ಗುರುತಿಲ್ಲ.

ಹಗುರವಾದ ಸಂದೇಶಗಳಲ್ಲಿ ಇನ್ನೂ ಒಂದು ತೊಡಕು ಸೇರುತ್ತದೆ. ಅಲ್ಲಿ ‘ಡು ಯೂ’ ಎಂಬ ಆರಂಭವನ್ನೂ ಪ್ರಶ್ನೆಯ ಚಿಹ್ನೆಯನ್ನೂ ಬಿಟ್ಟುಬಿಡುವುದು ವಾಡಿಕೆ. ಹೀಗಾಗಿ ‘ರಿಮೆಂಬರ್ ಲಾಕಿಂಗ್ ದ ಗೇಟ್’ ಎಂಬ ಸಾಲು ಸಂಜೆ ಮನೆಗೆ ಬಂದರೆ ಅದು ಅಪ್ಪಣೆಯಾಗಿ ಕೇಳಿಸುವುದಿಲ್ಲ. ಬೀಗ ಹಾಕಿದ್ದು ನೆನಪಿದೆಯೇ ಎಂಬ ಪ್ರಶ್ನೆಯಾಗುತ್ತದೆ. ಬೆಳಿಗ್ಗೆ ಹೊರಗೆ ಹೋಗುವಾಗ ಬೀಗ ಹಾಕಿದ್ದ ಮಗನು ‘ಎಸ್’ ಎಂದು ಉತ್ತರಿಸಿ ನಿದ್ದೆ ಹೋದರೆ ಅವನನ್ನು ದೂರುವಂತಿಲ್ಲ. ‘ರಿಮೆಂಬರ್ ಟು ಲಾಕ್ ದ ಗೇಟ್ ಟುನೈಟ್’ ಎಂದಿದ್ದರೆ, ರಾತ್ರಿ ದನಗಳು ಒಳಗೆ ನುಗ್ಗಿ ಹಿತ್ತಿಲ ಬಸಳೆ ಬಳ್ಳಿಯನ್ನು ಮೇಯುವ ಮುನ್ನ ಅವನು ಒಮ್ಮೆ ಎದ್ದು ಹೋಗಿ ಬರುತ್ತಿದ್ದನು.